‘ಯಾಕೆ’ ಅನ್ನೋ ಒಂದು ಪದ, ಐದು ವಾರದ ಮುನಿಸು

ಆಫೀಸಿನ ಚಾಟ್‌ನಲ್ಲಿ ಆದ ಮುನಿಸಿಗೆ ಸಲಹೆ ಕೇಳಿಕೊಂಡು ಸುಜಾತ ಮೊದಲ ದಿನ ನನ್ನ ಹತ್ತಿರ ಬಂದಾಗ ಅವರ ಮೊಬೈಲಿನಲ್ಲಿ 23 ಸ್ಕ್ರೀನ್‌ಶಾಟ್ ಇದ್ದವು. ತಾರೀಕಿನ ಪ್ರಕಾರ ಜೋಡಿಸಿಟ್ಟಿದ್ದರು. “ನೀವೇ ಓದಿ ನೋಡಿ, ಇದು ಮಾತಾಡೋ ರೀತಿನಾ?” ಅಂತ ಮೊಬೈಲನ್ನು ನನ್ನ ಕಡೆ ತಳ್ಳಿದರು. (ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಕೆಲಸದ ವಿವರ, ಗುರುತು ಸಿಗುವಂಥ ಮಾತು ಎಲ್ಲವನ್ನೂ ಬದಲಿಸಿದ್ದೇನೆ.)

ಆರು ಜನರ ತಂಡ. ಎಲ್ಲರೂ ಮನೆಯಿಂದಲೇ ಕೆಲಸ. ಪ್ರತಿ ತಿಂಗಳು ಕ್ಲೈಂಟ್‌ಗೆ ಒಂದು ದೊಡ್ಡ ರಿಪೋರ್ಟ್ ಹೋಗಬೇಕು. ಅದರ ಲೆಕ್ಕದ ಶೀಟುಗಳು ಸುಜಾತ ಅವರ ಜವಾಬ್ದಾರಿ. ನಾಲ್ಕು ತಿಂಗಳ ಹಿಂದೆ ಹೊಸ ಟೀಮ್ ಲೀಡ್ ಬಂದಿದ್ದರು. ಅವರನ್ನು ಮೋಹನ್ ಅಂತ ಕರೆಯೋಣ. ಇಬ್ಬರೂ ಒಮ್ಮೆಯೂ ಎದುರುಬದುರು ಕೂತು ಮಾತಾಡಿದವರಲ್ಲ.

ಶುರುವಾಗಿದ್ದು ಒಂದು ಗುರುವಾರ ರಾತ್ರಿ. ಎರಡು ದಿನ ಕೂತು ಮುಗಿಸಿದ ರಿಪೋರ್ಟನ್ನು ಸುಜಾತ ಗ್ರೂಪಿಗೆ ಹಾಕಿದರು. ಏನೇನು ಬದಲಿಸಿದೆ ಅಂತ ಹತ್ತು ಸಾಲು ಬರೆದಿದ್ದರು. ಎರಡೇ ನಿಮಿಷಕ್ಕೆ ಮೋಹನ್ ಉತ್ತರ ಬಂತು: “ನೋಡಿದೆ. 3ನೇ ಶೀಟಿನ ಲೆಕ್ಕ ಯಾಕೆ ಬದಲಾಯ್ತು?”

ಸುಜಾತ ತಕ್ಷಣ ಬರೆದರು: “ನೀವು ಹೇಳಿದ ಹಾಗೇ ಮಾಡಿದ್ದು.”

ಅದಕ್ಕೆ ಮೋಹನ್ ಹೆಬ್ಬೆಟ್ಟಿನ ಎಮೋಜಿ ಹಾಕಿದರು. ಅಷ್ಟೇ.

ಅಲ್ಲಿಂದ ಸುಜಾತ ಗ್ರೂಪಿನಲ್ಲಿ “ಓಕೆ.” ಬಿಟ್ಟು ಬೇರೇನೂ ಬರೆಯಲಿಲ್ಲ. ಇವರು ಸುಮ್ಮನಾದಷ್ಟೂ ಮೋಹನ್ ಕಡೆಯಿಂದ “ಅಪ್‌ಡೇಟ್?” ಅನ್ನೋ ಮೆಸೇಜ್ ಜಾಸ್ತಿಯಾಯಿತು. ಮೊದಲು ದಿನಕ್ಕೊಂದು, ಆಮೇಲೆ ದಿನಕ್ಕೆ ಮೂರು. ನಾಲ್ಕನೇ ವಾರ ಒಂದು ಕಾಲಮ್ಮಿನ ತಾರೀಕು ತಪ್ಪಾಗಿರೋದು ಸುಜಾತ ಅವರ ಕಣ್ಣಿಗೆ ಬಿದ್ದಿತ್ತು. “ಕೇಳಿದರೆ ಮತ್ತೆ ಬೈಸಿಕೊಳ್ಳಬೇಕು” ಅಂತ ಕೇಳಲಿಲ್ಲ. ರಿಪೋರ್ಟ್ ಹಾಗೇ ಕ್ಲೈಂಟ್‌ಗೆ ಹೋಯಿತು. ಆಗ ಮೋಹನ್ ಗ್ರೂಪಿನಲ್ಲೇ ಬರೆದರು: “ಇಷ್ಟು ಬೇಸಿಕ್ ವಿಷಯ ಕೂಡ ನೋಡಲ್ವಾ?” ಅದಾದ ವಾರಕ್ಕೆ ಸುಜಾತ ನನ್ನ ಹತ್ತಿರ ಬಂದರು.

ನಾನು ಸ್ಕ್ರೀನ್‌ಶಾಟ್ ಓದಲಿಲ್ಲ. “ನೀವೇ ಜೋರಾಗಿ ಓದಿ” ಅಂದೆ. ಮೋಹನ್ ಸಾಲು ಬಂದಾಗ ಅವರ ಹುಬ್ಬು ಗಂಟಿಕ್ಕಿತು, ‘ಯಾಕೆ’ ಅನ್ನೋದನ್ನು ಎಳೆದು ಒತ್ತಿ ಓದಿದರು. ಆ ಧ್ವನಿ ಮೋಹನ್ ಅವರದಲ್ಲ, ಸುಜಾತ ಅವರದು. ಹಾಗಂತ ನಾನು ಆಗ ಹೇಳಲಿಲ್ಲ. ಅದೇ ಸಾಲನ್ನು ಇನ್ನೆರಡು ಸಲ ಓದಿಸಿದೆ. ಒಮ್ಮೆ, ಬೇರೆ ಮೀಟಿಂಗಿನಲ್ಲಿ ಕೂತು ಒಂದೇ ಕೈಯಲ್ಲಿ ಟೈಪ್ ಮಾಡುವವರಂತೆ. ಇನ್ನೊಮ್ಮೆ, ನಿಜವಾಗಿಯೂ ಉತ್ತರ ಗೊತ್ತಿಲ್ಲದೆ ಕೇಳುವವರಂತೆ. ಮೂರನೇ ಸಲ ಓದಿ ಅವರೇ ನಿಂತರು. “ಹೀಗೂ ಇರಬಹುದು” ಅಂದರು. ಸ್ವಲ್ಪ ಸಿಟ್ಟಿನಲ್ಲೇ ಅಂದರು ಅನ್ನಿ.

ನಮ್ಮ ‘ಯಾಕೆ’ಗೆ ಒಂದು ತೊಂದರೆ ಇದೆ. ಬಾಯಲ್ಲಿ ಹೇಳಿದಾಗ ಎರಡು ಬೇರೆ ಬೇರೆ ರಾಗ. ಕಾರಣ ಕೇಳುವ ‘ಯಾಕೆ’ ಒಂದು, ‘ಯಾರು ಮಾಡು ಅಂದಿದ್ದು’ ಅನ್ನುವ ‘ಯಾಕೆ’ ಇನ್ನೊಂದು. ಬರಹದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಬರೆದವರ ತಲೆಯಲ್ಲಿ ರಾಗ ಇರುತ್ತದೆ, ಹಾಗಾಗಿ ಅದು ಓದುವವರಿಗೂ ಕೇಳಿಸುತ್ತೆ ಅಂದುಕೊಳ್ಳುತ್ತಾರೆ. 2005ರಲ್ಲಿ ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತು ಜೊತೆಗಾರರು ಇದನ್ನೇ ಪರೀಕ್ಷೆ ಮಾಡಿ ಪ್ರಕಟಿಸಿದರು. ಇಮೇಲ್‌ನಲ್ಲಿ ಕಳಿಸಿದ ವ್ಯಂಗ್ಯ ಅಥವಾ ಗಂಭೀರ ಮಾತನ್ನು ಓದುವವರು 100ಕ್ಕೆ 78ರಷ್ಟು ಸಲ ಸರಿಯಾಗಿ ಗುರುತಿಸುತ್ತಾರೆ ಅಂತ ಬರೆದವರು ನಂಬಿದ್ದರು. ನಿಜವಾಗಿ ಗುರುತಿಸಿದ್ದು 56ರಷ್ಟು. ನಾಣ್ಯ ಚಿಮ್ಮಿದ್ದರೂ 50 ಸಿಗುತ್ತಿತ್ತು. ಅವೇ ಮಾತುಗಳನ್ನು ಧ್ವನಿಯಲ್ಲಿ ಕೇಳಿಸಿಕೊಂಡವರು 73ರವರೆಗೆ ಹೋದರು.

ಇದನ್ನು ಹೇಳಿದ್ದು ಮೋಹನ್ ಪರ ವಹಿಸೋದಕ್ಕಲ್ಲ. ಏಕೆಂದರೆ ಇಂಥ ಪ್ರಕರಣದಲ್ಲಿ ನಾನು ಮೊದಲು ನೋಡುವುದೇ, ಇದು ನಿಜಕ್ಕೂ ಧ್ವನಿ ತಪ್ಪಾಗಿ ಕೇಳಿಸಿದ್ದಾ ಅಥವಾ ಒಬ್ಬರನ್ನು ಹಿಡಿದು ಕಾಡಿಸುತ್ತಿರುವುದಾ ಅಂತ. ಎರಡಕ್ಕೂ ಒಂದೇ ಸಲಹೆ ಕೊಟ್ಟರೆ ಕಾಡಿಸಿಕೊಂಡವರಿಗೆ ‘ನೀನೇ ತಪ್ಪಾಗಿ ಓದಿದೆ’ ಅಂದಂತಾಗುತ್ತದೆ. ಅದಕ್ಕೇ ಒಂದು ಮನೆಗೆಲಸ ಕೊಟ್ಟೆ. ಮೋಹನ್ ತಂಡದ ಬೇರೆಯವರಿಗೆ ಬರೆದ 20 ಮೆಸೇಜ್ ತೆಗೆದು ನೋಡಿ. ಅವರಿಗೂ ಇಷ್ಟೇ ಚುಟುಕಾ? ಮಾತು ಕೆಲಸದ ಬಗ್ಗೆ ಇದೆಯಾ, ಮನುಷ್ಯರ ಬಗ್ಗೆ ಇದೆಯಾ? ಕಾಲ್‌ನಲ್ಲೂ ಹೀಗೇನಾ? ನಿಮ್ಮನ್ನು ಬೇಕಂತಲೇ ಬಿಟ್ಟು ಮೀಟಿಂಗ್ ಮಾಡುತ್ತಾರಾ?

ಮುಂದಿನ ವಾರ ಬಂದ ಸುಜಾತ ಅವರ ಮುಖದಲ್ಲಿ ಒಂಥರಾ ಪೆಚ್ಚು. ಎಲ್ಲರಿಗೂ ಹಾಗೇ ಬರೆಯುತ್ತಾರಂತೆ. ‘ಯಾಕೆ’, ‘ನೋಡಿದೆ’, ‘ಅಪ್‌ಡೇಟ್?’ ಎಲ್ಲರಿಗೂ ಇದೆ. ಹಳೆಯ ಇಬ್ಬರ ಜೊತೆ ಮಾತ್ರ ತಮಾಷೆ ಮಾಡುತ್ತಾರೆ, ಅದು ಇನ್ನೂ ನೋಯಿಸಿತು ಅಂದರು. ಕಾಲ್‌ನಲ್ಲಿ ಮನುಷ್ಯ ಮೃದು. ಮೀಟಿಂಗಿನಿಂದ ಯಾವತ್ತೂ ಬಿಟ್ಟಿಲ್ಲ.

ಹಾಗಿದ್ದರೂ ‘ಬೇಸಿಕ್’ ಮಾತನ್ನು ನಾನು ಈ ಲೆಕ್ಕಕ್ಕೆ ಸೇರಿಸಲಿಲ್ಲ. ಆರು ಜನರ ಮುಂದೆ ಹಾಗೆ ಬರೆದರೆ ಯಾವ ರಾಗದಲ್ಲಿ ಓದಿದರೂ ಅದು ಚುಚ್ಚುಮಾತೇ. ಉಳಿದದ್ದು ಅರ್ಥವಾಗದೆ ಆದ ನೋವು, ಇದು ಅರ್ಥವಾಗಿಯೇ ಆದ ನೋವು. ಎರಡನ್ನೂ ಒಂದೇ ಮೂಟೆಗೆ ಹಾಕಬೇಡಿ ಅಂದೆ.

ಆಮೇಲೆ ಒಂದು ಹಾಳೆಯಲ್ಲಿ ಮೂರು ಕಾಲಮ್ ಎಳೆದೆವು. ಟೈಪ್ ಆಗಿದ್ದು ಏನು, ನನಗೆ ಕೇಳಿಸಿದ್ದು ಏನು, ಆಮೇಲೆ ನಾನು ಮಾಡಿದ್ದು ಏನು. ಹೆಬ್ಬೆಟ್ಟಿನ ಎದುರು ಅವರು ಬರೆದದ್ದು: ‘ಮಾತು ಮುಗೀತು, ಹೋಗು.’ ಅದರ ಮುಂದೆ: ‘ಆವತ್ತಿನಿಂದ ಬರೀ ಓಕೆ.’ ಹಾಳೆ ತುಂಬಿದ ಮೇಲೆ ಅದನ್ನು ತಿರುಗಿಸಿ ಹಿಡಿದೆ. “ಈಗ ನೀವು ಮೋಹನ್. ಹತ್ತು ಸಾಲು ಬರೆಯುತ್ತಿದ್ದವರು ಒಂದು ದಿನ ಇದ್ದಕ್ಕಿದ್ದಂತೆ ‘ಓಕೆ.’ ಅಂತ ಚುಕ್ಕೆ ಇಟ್ಟು ನಿಲ್ಲಿಸಿದರು. ಏನು ಕೇಳಿಸುತ್ತೆ?”

ಸುಜಾತ ತುಂಬ ಹೊತ್ತು ಆ ಹಾಳೆ ನೋಡಿದರು. “ಸಿಟ್ಟು” ಅಂದರು. ಈ ಪ್ರಕರಣ ತಿರುಗಿದ್ದು ಇಲ್ಲೇ. ಐದು ವಾರದಿಂದ ಅವರು ಮೋಹನ್ ಮೆಸೇಜುಗಳನ್ನಷ್ಟೇ ಓದಿದ್ದರು. ತಮ್ಮದನ್ನು ಒಮ್ಮೆಯೂ ಓದಿರಲಿಲ್ಲ. ಇವರು ಸುಮ್ಮನಾಗಿದ್ದಕ್ಕೇ ಅವರು ‘ಅಪ್‌ಡೇಟ್?’ ಕೇಳುತ್ತಿದ್ದರು, ಅವರು ಕೇಳುತ್ತಿದ್ದುದಕ್ಕೇ ಇವರು ಇನ್ನೂ ಸುಮ್ಮನಾಗುತ್ತಿದ್ದರು.

ಇನ್ನು ಸರಿಮಾಡುವ ಕೆಲಸ. ಚಾಟ್‌ನಲ್ಲಿ ಆದ ಮುನಿಸನ್ನು ಚಾಟ್‌ನಲ್ಲೇ ಬಿಡಿಸಲು ಹೋಗಬೇಡಿ ಅನ್ನೋದು ನನ್ನ ಒಂದೇ ಹಟ. ವಿವರಣೆಯನ್ನೂ ಎದುರಿನವರು ಅದೇ ಅನುಮಾನದ ಕಿವಿಯಿಂದಲೇ ಓದುತ್ತಾರೆ. ಕಾಲ್ ಬೇಕು, ವಿಡಿಯೊ ಇಲ್ಲದಿದ್ದರೂ ಪರವಾಗಿಲ್ಲ, ಧ್ವನಿ ಸಾಕು.

ಕಾಲ್‌ಗೆ ಕರೆಯುವ ಮೆಸೇಜನ್ನು ಸುಜಾತ ಅಲ್ಲೇ ಬರೆದು ತೋರಿಸಿದರು: “ನಿಮ್ಮ ಜೊತೆ ಸ್ವಲ್ಪ ಮಾತಾಡಬೇಕು.” ನನಗೆ ನಗು ಬಂತು. ಇದನ್ನು ರಾತ್ರಿ ಯಾರಿಗಾದರೂ ಕಳಿಸಿದರೆ ಅವರಿಗೆ ನಿದ್ದೆ ಬರುತ್ತಾ? ಯಾವ ವಿಷಯ, ಎಷ್ಟು ಹೊತ್ತು, ಎಷ್ಟು ಗಂಭೀರ, ಈ ಮೂರೂ ಮೆಸೇಜಿನಲ್ಲೇ ಇರಬೇಕು. ತಿದ್ದಿದ ಮೇಲೆ ಹೀಗಾಯಿತು:

“3ನೇ ಶೀಟಿನ ವಿಷಯ ಬಂದಾಗಿನಿಂದ ನಮ್ಮ ಚಾಟ್ ಸ್ವಲ್ಪ ಬಿಗಿಯಾಗಿದೆ ಅನ್ನಿಸುತ್ತೆ. ಅದರಲ್ಲಿ ನನ್ನ ಪಾಲೂ ಇದೆ. ನಾಳೆ ಒಂದು 15 ನಿಮಿಷ ಕಾಲ್‌ನಲ್ಲಿ ಮಾತಾಡೋಣವಾ? ತುರ್ತೇನಿಲ್ಲ.”

ಕಾಲ್‌ನಲ್ಲಿ 23 ಸ್ಕ್ರೀನ್‌ಶಾಟ್ ತೆಗೆಯಬೇಡಿ, ಒಂದೇ ಒಂದು ಸಾಕು ಅಂದೆ. ಪಟ್ಟಿ ಓದಿದರೆ ಎದುರಿನವರು ವಕೀಲರಾಗುತ್ತಾರೆ. ಮೊದಲು ತಮ್ಮ ಪಾಲು ಹೇಳಬೇಕು. ಆಮೇಲೆ ಆ ಸಾಲನ್ನು ಇದ್ದ ಹಾಗೇ ಓದಿ, ನನಗೆ ಹೀಗೆ ಕೇಳಿಸಿತು, ನೀವು ಏನು ಹೇಳಲು ಹೊರಟಿದ್ದಿರಿ ಅಂತ ಕೇಳಿ ಸುಮ್ಮನಾಗಬೇಕು. “ನೀವು ಒರಟಾಗಿ ಬರೀತೀರಿ” ಅಂದರೆ ಅವರು “ಇಲ್ಲ” ಅನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ‘ಬೇಸಿಕ್’ ವಿಷಯ ಕೊನೆಗೆ, ನೇರವಾಗಿ: “ಅದನ್ನು ಎಲ್ಲರ ಮುಂದೆ ಬರೆದದ್ದು ನೋವಾಯಿತು. ತಪ್ಪು ಕಂಡರೆ ನನಗೊಬ್ಬಳಿಗೇ ಬರೆಯಿರಿ.” ಎರಡು ಸಲ ಅಭ್ಯಾಸ ಮಾಡಿದೆವು. ಮೋಹನ್ ಪಾತ್ರ ನನ್ನದು. ಬೇಕಂತಲೇ ಸ್ವಲ್ಪ ಸಿಡುಕಿದೆ.

15 ನಿಮಿಷದ ಕಾಲ್ 40 ನಿಮಿಷ ಆಯಿತಂತೆ. ಆ ಗುರುವಾರ ಮೋಹನ್ ಕ್ಲೈಂಟ್ ಜೊತೆ ಇನ್ನೊಂದು ಕಾಲ್‌ನಲ್ಲಿದ್ದರು. 3ನೇ ಶೀಟಿನ ಬಗ್ಗೆ ಕೇಳಿದ್ದೇ ಕ್ಲೈಂಟ್. ಕಾರಣ ತಮಗೆ ಗೊತ್ತಿಲ್ಲದೆ ಮೊಬೈಲಿನಿಂದ ಕೇಳಿದ್ದರು. ಹೆಬ್ಬೆಟ್ಟು ಅಂದರೆ ‘ಉತ್ತರ ಸಿಕ್ಕಿತು, ಥ್ಯಾಂಕ್ಸ್.’ ‘ಓಕೆ.’ ನೋಡಿ ಅವರು ಅಂದುಕೊಂಡದ್ದು, ತಾನು ಲೀಡ್ ಆಗಿದ್ದು ಸುಜಾತ ಅವರಿಗೆ ಇಷ್ಟವಿಲ್ಲ ಅಂತ. ‘ಬೇಸಿಕ್’ ಬಗ್ಗೆ ಮೊದಲು “ಸುಮ್ನೆ ಟೆನ್ಷನ್‌ನಲ್ಲಿ ಬರೆದೆ” ಅಂದರು, ಆಮೇಲೆ “ತಪ್ಪಾಯ್ತು” ಅಂದರು. ಆದರೆ ಗ್ರೂಪಿನಲ್ಲಿ ಅದನ್ನು ಹೇಳಲಿಲ್ಲ. ಸುಜಾತ ಕೇಳಲೂ ಇಲ್ಲ. ನಾನಾಗಿದ್ದರೆ ಕೇಳುತ್ತಿದ್ದೆ. ಆದರೆ ಅದು ಅವರ ನಿರ್ಧಾರ.

ಇಬ್ಬರೂ ಕೆಲವು ಸಣ್ಣ ಒಪ್ಪಂದ ಮಾಡಿಕೊಂಡರು. ‘ಯಾಕೆ’ ಕೇಳಿದರೆ ಯಾರು ಕೇಳುತ್ತಿದ್ದಾರೆ, ಏನಕ್ಕೆ ಅಂತ ಜೊತೆಗೇ ಬರೆಯುವುದು. ಕಣ್ಣಿನ ಎಮೋಜಿ ಅಂದರೆ ‘ನೋಡಿದೆ, ಆಮೇಲೆ ಬರೀತೀನಿ’, ಹೆಬ್ಬೆಟ್ಟು ಅಂದರೆ ‘ಮುಗೀತು’. ಎರಡು ಸಲ ಬರೆದೂ ಬಗೆಹರಿಯದಿದ್ದರೆ ಕಾಲ್. ಸುಜಾತ ಅವರ ಕಡೆಯಿಂದ ಒಂದೇ ಮಾತು: ಏನಾದರೂ ಚುಚ್ಚಿದರೆ ಅವತ್ತೇ ಕೇಳುವುದು.

ನಾನು ಇನ್ನೊಂದು ಸೇರಿಸಿದ್ದೆ. ಸಿಟ್ಟು ಬಂದಾಗ ಉತ್ತರವನ್ನು ಚಾಟ್ ಪೆಟ್ಟಿಗೆಯಲ್ಲಿ ಟೈಪ್ ಮಾಡಬೇಡಿ, ನೋಟ್ಸ್‌ನಲ್ಲಿ ಬರೆಯಿರಿ. ಬೆರಳು `Enter` ಮೇಲೆ ಬಿದ್ದರೆ ಮುಗಿಯಿತು, ಅಳಿಸಿದರೂ ಎದುರಿನವರು ಅಷ್ಟರಲ್ಲಿ ಓದಿರುತ್ತಾರೆ.

ಕಾಲ್ ಆದ ಮೂರನೇ ವಾರ ಇದು ಕೆಲಸಕ್ಕೆ ಬಂತು. ಮೋಹನ್ ಬರೆದಿದ್ದರು: “ಇದು ಬೇಡ.” ಸುಜಾತ ನೋಟ್ಸ್‌ನಲ್ಲಿ ಒಂದು ಪುಟ ಬರೆದರು, ರಾಜೀನಾಮೆಯ ಮಾತೂ ಇತ್ತಂತೆ. 20 ನಿಮಿಷ ಬಿಟ್ಟು ಕಾಲ್ ಮಾಡಿದರು. ಒಂದೇ ಫೈಲ್ ಎರಡು ಸಲ ಅಪ್‌ಲೋಡ್ ಆಗಿತ್ತು. ‘ಇದು’ ಅಂದರೆ ಎರಡನೆಯದು.

ಈಗಲೂ ಸುಜಾತ ಗ್ರೂಪಿನಲ್ಲಿ ಮೊದಲಿನಷ್ಟು ಬರೆಯುವುದಿಲ್ಲ. ಪ್ರಶ್ನೆಗಳನ್ನು ಮಾತ್ರ ನುಂಗಿಕೊಳ್ಳುತ್ತಿಲ್ಲ. ಆರನೇ ಭೇಟಿಯಲ್ಲಿ ಮತ್ತೆ ಮೊಬೈಲ್ ನನ್ನ ಕಡೆ ತಳ್ಳಿದರು. ಒಂದೇ ಸ್ಕ್ರೀನ್‌ಶಾಟ್ ಇತ್ತು. ಮೋಹನ್ ಬರೆದದ್ದು: “5ನೇ ಶೀಟ್ ಯಾಕೆ ಖಾಲಿ ಇದೆ? ಬೈತಿಲ್ಲ, ನನಗೇ ಸಿಗ್ತಿಲ್ಲ.” ಕೆಳಗೆ ಸುಜಾತ ಅವರ ಉತ್ತರ: “ಫಿಲ್ಟರ್ ತೆಗೀರಿ.”