ನೀರು ನೆರಿಗೆಯಾದದ್ದು ಯಾಕೆ

«ಅಣ್ಣ, ನಮ್ಮ ಗುಂಪಿನ ಬೆಳೆ ಟಿಪ್ಪಣಿ ತಿದ್ದೋಕೆ ದೊಡ್ಡ ಪದಪಟ್ಟಿ ಹಾಕಿದೆ. "ಕಾಲುವೆ ನೀರಿಗೆ" ಅಂತ ಬರೆದ್ರೆ "ಕಾಲುವೆ ನೆರಿಗೆ" ಮಾಡ್ತಿದೆ. ಪಟ್ಟಿ ಇನ್ನೂ ದೊಡ್ಡದು ಬೇಕಾ?»

ಬೇಡ ತಮ್ಮ. ಪಟ್ಟಿಯಲ್ಲಿ "ನೀರು" ಇದೆ, "ನೀರಿಗೆ" ಇಲ್ಲ. ಪ್ರೋಗ್ರಾಂ ಅಕ್ಷರ ಎಣಿಸಿ ಹತ್ತಿರದ ಪದ ಹುಡುಕುತ್ತದೆ. "ನೆರಿಗೆ"ಗೆ ಹೋಗಲು ಒಂದೇ ಗುಣಿತ ಬದಲಾದರೆ ಸಾಕು, "ನೀರು" ಆಗಬೇಕಾದರೆ ಮೂರು ಬದಲಾವಣೆ. ಸೀರೆಯ ನೆರಿಗೆ ಗೆದ್ದುಬಿಡುತ್ತದೆ.

ಇದೇ ಪ್ರಶ್ನೆಗೆ ಮಾನ್ವಿಯ ಅಕ್ಕ ಫಾಂಟ್ ತೊಂದರೆ ಅಂದರು. ಅವರ ಹಳೇ ನುಡಿ ತಂತ್ರಾಂಶದ ಕಡತಗಳಲ್ಲಿ ಅಕ್ಷರ ಕೆಡುವುದು ನಿಜ, ಆದರೆ ಅದು ಬೇರೆ ವಿಷಯ. ಕಾರಟಗಿಯ ಅಣ್ಣ ಎಲ್ಲಾ ರೂಪಗಳನ್ನೂ ಪಟ್ಟಿಗೆ ಸೇರಿಸಿ ಅಂದಿದ್ದು ಅರ್ಧ ಸರಿ. ದಿನಾ ಬರುವ ಐವತ್ತು ಪದಕ್ಕೆ ಅದು ನಡೆಯುತ್ತದೆ. ಆದರೆ ನೀರಿಗೆ, ನೀರಿಗೂ, ನೀರಿನಲ್ಲಿ, ನೀರಿಲ್ಲದಿದ್ದರೂ ಅಂತ ಒಂದೇ ಪದಕ್ಕೆ ಬಾಲದ ಮೇಲೆ ಬಾಲ ಬೆಳೆಯುತ್ತಲೇ ಹೋಗುತ್ತದೆ, ಎಷ್ಟು ಅಂತ ಸೇರಿಸುತ್ತೀರಿ?

ಕಾಗುಣಿತ ನೋಡುವ ಹನ್‌ಸ್ಪೆಲ್ ಪ್ರೋಗ್ರಾಂನಲ್ಲಿ ಬಾಲಗಳನ್ನೇ ನಿಯಮವಾಗಿ ಬರೆಯಬಹುದು. `kn_IN.aff` ಕಡತದಲ್ಲಿ ಹೀಗೆ:

```
SET UTF-8
SFX U Y 1
SFX U ೆ ೂ ೆ
SFX B Y 2
SFX B ು ಿಗೆ/U ು
SFX B ು ಿನಲ್ಲಿ ು
```

`kn_IN.dic` ಕಡತದಲ್ಲಿ:

```
1
ನೀರು/B
```

"ನೀರು" ಪದದ ಉಕಾರ ಬಿದ್ದು "ನೀರಿಗೆ" ಬರುತ್ತದೆ. `/U` ಇರುವುದರಿಂದ "ನೀರಿಗೂ" ಕೂಡ ಸರಿ ಅನ್ನುತ್ತದೆ. ಹನ್‌ಸ್ಪೆಲ್ ಎರಡೇ ಹಂತದ ಬಾಲ ಬಿಡಿಸುತ್ತದೆ, ಅದಕ್ಕೆ "ಗಳಲ್ಲಿ"ಯಂಥದ್ದನ್ನು ಒಂದೇ ಬಾಲವಾಗಿ ಬರೆಯಿರಿ.

ಇಲ್ಲಿ ಎಲ್ಲರೂ ಎಡವುತ್ತಾರೆ. ಊರು, ಗುರು ಎರಡೂ "ರು"ದಲ್ಲೇ ಮುಗಿಯುತ್ತವೆ, ಆದರೆ ಒಂದು ಊರಿಗೆ, ಇನ್ನೊಂದು ಗುರುವಿಗೆ. ಕೊನೆ ಅಕ್ಷರ ನೋಡಿ ಗುಂಪು ಹಾಕಿದರೆ "ಊರುವಿಗೆ" ಕೂಡ ಸರಿಯಾಗಿಬಿಡುತ್ತದೆ, ಕೆಂಪು ಗೆರೆಯೇ ಬರಲ್ಲ. ಹಾಗಾಗಿ `/B`ಯಂಥ ಗುರುತನ್ನು ಪದ ಪದಕ್ಕೂ ಕೈಯಿಂದಲೇ ಹಾಕಬೇಕು, ಬೇಸರದ ಕೆಲಸ, ಆದರೆ ಬೇರೆ ದಾರಿ ನನಗಂತೂ ಸಿಕ್ಕಿಲ್ಲ.

ಸಲಹೆ ಕೊಡುವಾಗಲೂ ಮೊದಲು ಬಾಲ ಬಿಡಿಸಬೇಕು. ಯಾರೋ "ಕಲುವೆಗೂ" ಅಂತ ಹೊಡೆದರು ಅಂತಿಟ್ಟುಕೊಳ್ಳಿ. "ಗೂ" ತೆಗೆದರೆ "ಕಲುವೆ" ಉಳಿಯುತ್ತದೆ, ಪಟ್ಟಿಯಲ್ಲಿ ಹತ್ತಿರದ್ದು "ಕಾಲುವೆ", ಬಾಲ ಮತ್ತೆ ಸೇರಿಸಿದರೆ "ಕಾಲುವೆಗೂ". ಹನ್‌ಸ್ಪೆಲ್ ತಾನೇ ಕೊಡುವ ಸಲಹೆ ಸಾಲದಿದ್ದರೆ ಇದನ್ನು ಮಾತ್ರ ಚಿಕ್ಕ ಪ್ರೋಗ್ರಾಂ ಆಗಿ ನೀವೇ ಬರೆದುಕೊಳ್ಳಬೇಕಾದೀತು.

ಅಲ್ಲಿಯವರೆಗೆ ತಾನಾಗಿ ಬದಲಿಸುವುದನ್ನು ನಿಲ್ಲಿಸಿ, ಬರೀ ಗೆರೆ ಎಳೆಯಲಿ. ನಿಮ್ಮ ಟಿಪ್ಪಣಿಯಿಂದ ಇನ್ನೂರು ಸರಿಯಾದ ಪದ ಆರಿಸಿಟ್ಟು, ನಿಯಮ ಬದಲಿಸಿದಾಗಲೆಲ್ಲ ಎಷ್ಟಕ್ಕೆ ಸುಮ್ನೆ ಗೆರೆ ಬಿತ್ತು ಅಂತ ಎಣಿಸಿ.

"ಹೊಲದಾಗ" ನಮ್ಮ ಕಡೆ ಎಲ್ಲರೂ ಬರೆಯುತ್ತಾರೆ, ಅದನ್ನು "ಹೊಲದಲ್ಲಿ" ಅಂತ ತಿದ್ದಬಾರದು ಅನ್ನೋದು ನನ್ನ ಮಾತು. ಸಿಂಧನೂರಿನ ಮೇಷ್ಟ್ರು ಒಪ್ಪುತ್ತಿಲ್ಲ. ನೀವೇನಂತೀರಿ?