ಸಿಂಗಾಪುರದ ಆಸ್ಪತ್ರೆಯ 40,000 ಡಾಲರ್ ಅಂದಾಜಿಗೆ ರೂಪಾಯಿಯಲ್ಲಿ ಎಷ್ಟು ಜೋಡಿಸಬೇಕು?

"ನಾವು ಕುಮಟಾದವರು. ಅಮ್ಮನ ಆಪರೇಷನ್‌ಗೆ ಸಿಂಗಾಪುರದ ಆಸ್ಪತ್ರೆ 40,000 ಸಿಂಗಾಪುರ ಡಾಲರ್ ಅಂದಾಜು ಕೊಟ್ಟಿದೆ. ದರ ಏರಿದರೆ, ಕಾರ್ಡ್ ಶುಲ್ಕ ಸೇರಿದರೆ ರೂಪಾಯಿಯಲ್ಲಿ ಎಷ್ಟು ಇಟ್ಟುಕೊಂಡಿರಬೇಕು?"

ಡಾಲರಿಗೆ 70 ರೂಪಾಯಿ ಇದೆ ಅಂತ ಹಿಡಿದರೆ 36 ಲಕ್ಷದ ಸುತ್ತ ಇಟ್ಟುಕೊಳ್ಳಿ. ಗೂಗಲ್ ತೋರಿಸುವ ಲೆಕ್ಕದಲ್ಲಿ 28 ಲಕ್ಷವೇ ಆಗುತ್ತದೆ. ನಾನು ಶಿರಸಿಯವನು. ನಮ್ಮ ಭಾವನ ಚಿಕಿತ್ಸೆಗೆ ಅಲ್ಲಿಗೆ ಹೋಗುವಾಗ ಈ ಲೆಕ್ಕವನ್ನೆಲ್ಲ ಕೂತು ಹಾಕಿದ್ದೆ, ಅದೇ ಕ್ರಮ ಹೇಳುತ್ತೇನೆ.

ರೂಪಾಯಿಗೆ ಆಮೇಲೆ ಬನ್ನಿ. ಮೊದಲು ಬಿಲ್ಲನ್ನು ಅವರ ಡಾಲರಿನಲ್ಲೇ ಸರಿಮಾಡಿಕೊಳ್ಳಿ. ಅಂದಾಜಿನಲ್ಲಿ ಜಿಎಸ್‌ಟಿ ಸೇರಿದೆಯಾ ಅಂತ ಆಸ್ಪತ್ರೆಗೆ ಮೇಲ್ ಮಾಡಿ ಕೇಳಿ. ಸಿಂಗಾಪುರದಲ್ಲಿ 2024ರಿಂದ ಅದು ಶೇ 9. ಸೇರಿಲ್ಲದಿದ್ದರೆ 40,000 ಅನ್ನುವುದು 43,600 ಆಯಿತು. ಐಸಿಯುನಲ್ಲಿ ಎರಡು ದಿನ ಜಾಸ್ತಿ ಇಟ್ಟರೆ, ಒಂದು ಸ್ಕ್ಯಾನ್ ಮತ್ತೆ ಮಾಡಿದರೆ ಅಂತ ಶೇ 15 ಸೇರಿಸಿ. ಅಲ್ಲಿಗೆ ಹತ್ತಿರ ಹತ್ತಿರ 50,000 ಡಾಲರ್. ನೋಡಿ, ಜಾಸ್ತಿಯ ದೊಡ್ಡ ಪಾಲು ಇಲ್ಲಿಂದಲೇ ಬಂತು. ದರದ ಏರಿಳಿತ ಇದರ ಮುಂದೆ ಚಿಕ್ಕದು.

ಈಗ ಇದನ್ನು ಎರಡು ಭಾಗ ಮಾಡಿ. 40,000 ಡಾಲರನ್ನು ಹೋಗುವ ಮೊದಲೇ ಬ್ಯಾಂಕಿನಿಂದ ಆಸ್ಪತ್ರೆಗೆ ಕಳಿಸಿ. ಉಳಿದ 10,000 ಕೈಯಲ್ಲಿರಲಿ, ಬಿಡುಗಡೆಯ ದಿನ ಕಾರ್ಡಿನಲ್ಲಿ ಕೊಡಬಹುದು. ಎಲ್ಲವನ್ನೂ ಮೊದಲೇ ಕಳಿಸಬೇಡಿ. ಮಿಕ್ಕ ಹಣ ವಾಪಸ್ ಬಂದರೆ ಬ್ಯಾಂಕ್ ಅದನ್ನು ತನ್ನ ಕೊಳ್ಳುವ ದರದಲ್ಲಿ ರೂಪಾಯಿ ಮಾಡುತ್ತದೆ, ಎರಡು ಕಡೆ ಕಳೆದುಕೊಳ್ಳುತ್ತೀರಿ.

ಕಳಿಸುವ ಹಣಕ್ಕೆ ಗೂಗಲ್ ದರ ಸಿಗುವುದಿಲ್ಲ. ಬ್ಯಾಂಕಿನ ಟಿಟಿ ಸೆಲ್ಲಿಂಗ್ ದರ ಕೇಳಿ, ಅಂದರೆ ಹೊರದೇಶಕ್ಕೆ ಕಳಿಸಲು ಬ್ಯಾಂಕ್ ನಿಮಗೆ ಡಾಲರ್ ಮಾರುವ ದರ. ಅದು ಶೇ 2 ಜಾಸ್ತಿ ಅಂತಿಟ್ಟುಕೊಳ್ಳಿ, ಅಂದರೆ 71.40. ಹಾಗಾಗಿ 28.56 ಲಕ್ಷ. ಹಣ ಬದಲಾವಣೆಯ ಮೇಲಿನ ಜಿಎಸ್‌ಟಿ ಇಷ್ಟು ಮೊತ್ತಕ್ಕೆ ಸುಮಾರು 1,300 ರೂಪಾಯಿ ಮಾತ್ರ. ಹೊರದೇಶಕ್ಕೆ ಹಣ ಕಳಿಸಲು ಬ್ಯಾಂಕ್ ಹಾಕುವ ಸ್ವಿಫ್ಟ್ ಶುಲ್ಕ ಸೇರಿಸಿ 28.60 ಲಕ್ಷ ಅನ್ನಿ. ಫಾರಂನಲ್ಲಿ ಶುಲ್ಕದ ಜಾಗದಲ್ಲಿ OUR ಅಂತ ಬರೆಸಿ, ಅಂದರೆ ಎಲ್ಲ ಶುಲ್ಕ ಕಳಿಸುವ ನಿಮ್ಮದೇ. ಇಲ್ಲವಾದರೆ ನಡುವಿನ ಬ್ಯಾಂಕ್ ತನ್ನ ಪಾಲು ಮುರಿದುಕೊಳ್ಳುತ್ತದೆ, ಆಸ್ಪತ್ರೆಗೆ ಕಡಿಮೆ ಮುಟ್ಟುತ್ತದೆ, ಅಡ್ಮಿಷನ್ ಕೌಂಟರಿನಲ್ಲಿ "ಬಾಕಿ ಇದೆ" ಅನ್ನುತ್ತಾರೆ.

ಇನ್ನು ಆ 10,000. ದರದ ಭಯ ಇರುವುದು ಈ ಭಾಗಕ್ಕೆ ಮಾತ್ರ, ಯಾಕೆಂದರೆ ಮೊದಲಿನದನ್ನು ಕೊಟ್ಟಾಗಿದೆ. ಎರಡು ಮೂರು ತಿಂಗಳಿಗೆ ನಾನು ಶೇ 5 ಇಡುತ್ತೇನೆ. ಅಮೆರಿಕದ ಡಾಲರ್ 2022ರ ಜನವರಿಯಲ್ಲಿ 74ರ ಆಸುಪಾಸು ಇದ್ದಿದ್ದು ಅಕ್ಟೋಬರಿನಲ್ಲಿ 83 ದಾಟಿತ್ತು. ಹಾಗಾಗಿ ಚಿಕಿತ್ಸೆ ಆರೆಂಟು ತಿಂಗಳು ಮುಂದಿದ್ದರೆ ಶೇ 10 ಇಡಿ. ಶೇ 5ಕ್ಕೆ ದರ 73.50, ಅಂದರೆ 7.35 ಲಕ್ಷ. ಹೊರದೇಶದ ಖರ್ಚಿಗೆ ಕಾರ್ಡಿನ ಬ್ಯಾಂಕ್ ಹಾಕುವ ಶುಲ್ಕ, ಅಂದರೆ ಫಾರೆಕ್ಸ್ ಮಾರ್ಕಪ್, ಶೇ 3.5 ಇದ್ದರೆ, ಅದರ ಮೇಲೆ ಶೇ 18 ಜಿಎಸ್‌ಟಿ ಕೂಡಿ ಶೇ 4.13 ಆಗುತ್ತದೆ. ಅದಕ್ಕೇ 30,000 ಹೋಯಿತು. ಒಟ್ಟು 7.65 ಲಕ್ಷ. ಮೊದಲಿನದಕ್ಕೆ ಕೂಡಿಸಿದರೆ 36.25 ಲಕ್ಷ.

ಕಾರ್ಡ್ ಉಜ್ಜಿದಾಗ ಮಷಿನ್ ಪರದೆಯಲ್ಲಿ INR ಬೇಕಾ SGD ಬೇಕಾ ಅಂತ ಕೇಳಬಹುದು. ರೂಪಾಯಿ ಮೊತ್ತ ಕಣ್ಣಿಗೆ ಕಂಡರೆ ಸಮಾಧಾನ ಅನ್ನಿಸುತ್ತದೆ, ಆದರೆ SGD ಒತ್ತಿ. ರೂಪಾಯಿ ಆರಿಸಿದರೆ ಆಸ್ಪತ್ರೆಯ ಕಡೆಯ ಬ್ಯಾಂಕ್ ತನ್ನದೇ ದುಬಾರಿ ದರ ಹಾಕುತ್ತದೆ. ಅದರ ಮೇಲೆ ನಿಮ್ಮ ಬ್ಯಾಂಕೂ ಶುಲ್ಕ ಹಾಕುವುದುಂಟು. ಇನ್ನೊಂದು, ಉಜ್ಜಿದ ದಿನದ ದರವೇ ಬೀಳುತ್ತದೆ ಅಂತಿಲ್ಲ. ವ್ಯವಹಾರ ಪೂರ್ತಿಯಾಗಲು ಒಂದೆರಡು ದಿನ ಬೇಕು, ಆ ದಿನದ ದರ ಬೀಳಬಹುದು.

ಟಿಸಿಎಸ್ಸಿಗೆ, ಅಂದರೆ ಹೊರದೇಶಕ್ಕೆ ಹಣ ಕಳಿಸುವಾಗ ಬ್ಯಾಂಕ್ ಮುಂಗಡವಾಗಿ ಹಿಡಿಯುವ ಆದಾಯ ತೆರಿಗೆಗೆ, ಬೇರೆ ಹಣ ಇಡಿ. ಒಬ್ಬರ ಪ್ಯಾನಿನಲ್ಲಿ ಕಳಿಸಿದ ಹಣದಲ್ಲಿ ಹಣಕಾಸು ವರ್ಷಕ್ಕೆ 10 ಲಕ್ಷ ದಾಟಿದ ಭಾಗಕ್ಕೆ ಬ್ಯಾಂಕ್ ಅದನ್ನು ಹಿಡಿಯುತ್ತದೆ. ದರ ಬಜೆಟ್ಟಿಗೆ ತಕ್ಕಂತೆ ಬದಲಾಗುತ್ತದೆ, ಕಳಿಸುವ ದಿನದ್ದನ್ನು ಕೇಳಿ. ಶೇ 5 ಅಂತ ಹಿಡಿದರೆ ಸುಮಾರು 93,000. ರಿಟರ್ನ್ ಸಲ್ಲಿಸಿದಾಗ ತೆರಿಗೆಗೆ ಹೊಂದುತ್ತದೆ ಅಥವಾ ವಾಪಸ್ ಬರುತ್ತದೆ, ಆದರೆ ತಿಂಗಳುಗಟ್ಟಲೆ ಸಿಕ್ಕಿಬಿದ್ದಿರುತ್ತದೆ. ಫಾರಂನಲ್ಲಿ ಉದ್ದೇಶದ ಕೋಡ್ ಚಿಕಿತ್ಸೆಯದ್ದೇ ಇರಲಿ: S0304. ತಪ್ಪಿ ಬೇರೆ ಉದ್ದೇಶ ಬಿದ್ದರೆ ಹಿಡಿಯುವುದು ಎಷ್ಟೋ ಪಟ್ಟು ಜಾಸ್ತಿ.

ಅಡಿಕೆ ಮಾರಿ ಹಣ ಕಟ್ಟುವ ಯೋಚನೆ ಇದ್ದರೆ ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ನಮ್ಮ ಕಡೆಯ ಸಣ್ಣ ಶಾಖೆಗಳಲ್ಲಿ ಫಾರೆಕ್ಸ್ ಕೆಲಸ ಅಲ್ಲೇ ಆಗುವುದು ಕಡಿಮೆ. ಕಾಗದಪತ್ರ ಬೇರೆ ಊರಿನ ಶಾಖೆಗೆ ಹೋಗಿ ಬರಬೇಕು. ಆಸ್ಪತ್ರೆಯ ಅಂದಾಜು ಪತ್ರ, ಅಮ್ಮನ ಪಾಸ್‌ಪೋರ್ಟ್ ಪ್ರತಿ, ನಿಮ್ಮ ಪ್ಯಾನ್ ಹಿಡಿದು ಎರಡು ವಾರ ಮೊದಲೇ ಮ್ಯಾನೇಜರನ್ನು ಕಂಡು ಮಾತಾಡಿ.