ಮಗು ಸಿಗರೇಟ್ ತುಂಡು ನುಂಗಿದರೆ ಏನನ್ನು ಗಮನಿಸಬೇಕು?

ಒಂದೂವರೆ ವರ್ಷದ ಮಗಳು ಬಾಲ್ಕನಿಯಲ್ಲಿ ಬಿದ್ದಿದ್ದ ಸಿಗರೇಟ್ ತುಂಡು ಅಗಿದುಬಿಟ್ಟಳು. ಆಸ್ಪತ್ರೆಗೆ ಓಡಬೇಕಾ? ಇ-ಸಿಗರೇಟಿಗೆ ತುಂಬುವ ವೇಪ್ ದ್ರವ ಆಗಿದ್ದರೆ?

ಮೊದಲು ಬಾಯಲ್ಲಿ ಉಳಿದಿರುವುದನ್ನು ತೆಗೆದು ಒದ್ದೆ ಬಟ್ಟೆಯಿಂದ ಒರೆಸಿ. ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಒಂದೇ ತುಂಡಾದರೆ ಹೆಚ್ಚಿನ ಮಕ್ಕಳು ಒಮ್ಮೆ ವಾಂತಿ ಮಾಡಿ ಸರಿಹೋಗುತ್ತಾರೆ. ಆದರೂ ವೈದ್ಯರಿಗೆ ಫೋನ್ ಮಾಡಿ, ನಾಲ್ಕು ಗಂಟೆ ಕಣ್ಣಿಟ್ಟಿರಿ. ಮೂರು ತುಂಡು ಅಥವಾ ಒಂದು ಇಡೀ ಸಿಗರೇಟ್ ತಿಂದಿದ್ದರೆ ಕಾಯಬೇಡಿ, ಹೊರಡಿ.

ಮೊದಲ ಗಂಟೆಯೊಳಗೇ ಜೊಲ್ಲು, ವಾಂತಿ, ಬೆವರು, ಬಿಳಿಚಿದ ಮುಖ, ನಡುಕ ಕಾಣಬಹುದು. ಇಲ್ಲೇ ಜನ ಮೋಸ ಹೋಗುವುದು: ರಚ್ಚೆ ಹಿಡಿದಿದ್ದ ಮಗು ಆಮೇಲೆ ಸುಮ್ಮನಾದರೆ 'ನಿದ್ದೆ ಬಂತು' ಅಂದುಕೊಳ್ಳುತ್ತೇವೆ. ಅದು ನಿಕೋಟಿನ್ ವಿಷದ ಎರಡನೇ ಹಂತವೂ ಆಗಿರಬಹುದು. ಮೈ ಸಡಿಲವಾಗುವುದು, ಎಬ್ಬಿಸಿದರೂ ಏಳದಿರುವುದು, ಉಸಿರು ನಿಧಾನವಾಗುವುದು, ಫಿಟ್ಸ್ ಬಂದರೆ ತಕ್ಷಣ 108.

ವೇಪ್ ದ್ರವದ ಲೆಕ್ಕವೇ ಬೇರೆ. ಮಿಲಿಲೀಟರಿಗೆ 20 ಮಿಲಿಗ್ರಾಂ ಇರುವ ಬಾಟಲಿಯ ಒಂದು ಟೀ ಚಮಚದಲ್ಲೇ 100 ಮಿಲಿಗ್ರಾಂ ನಿಕೋಟಿನ್! ಗುಟುಕು ಕುಡಿದಿದ್ದರೆ ಲಕ್ಷಣಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ. ಚರ್ಮದಿಂದಲೂ ಒಳಗಿಳಿಯುತ್ತದೆ, ಹಾಗಾಗಿ ಬಟ್ಟೆ ಬಿಚ್ಚಿ ಸೋಪು ನೀರಲ್ಲಿ ತೊಳೆಯಿರಿ. 2019ರಿಂದ ಇ-ಸಿಗರೇಟ್ ಮಾರಾಟ ನಿಷೇಧ. ಬೆಂಗಳೂರಲ್ಲಿ ಕದ್ದು ಸಿಗುವ ಬಾಟಲಿಯ ಲೇಬಲ್ ನಂಬುವಂತಿಲ್ಲ, ಅಲ್ವಾ? ಮುಚ್ಚಿಡದೆ ಬಾಟಲಿಯನ್ನೇ ಡಾಕ್ಟರಿಗೆ ತೋರಿಸಿ.